ಒದ್ದೆ ಧಾನ್ಯ ಮೇಲೆ ಇರಲಿ

ಕಳೆದ ತಿಂಗಳು ವ್ಯವಹಾರ ಅಧ್ಯಯನದ ತರಗತಿಯಲ್ಲಿ ಮಾರುಕಟ್ಟೆ ಅಧ್ಯಾಯ ಮುಗಿದಾಗ ಸರ್ ನಮಗೊಂದು ಚಟುವಟಿಕೆ ಕೊಟ್ಟರು. ಮನೆಪಾಠದ ಆ್ಯಪ್ ಒಂದನ್ನು ನಾವೇ ಶುರು ಮಾಡಿದ್ದೇವೆ ಎಂದುಕೊಳ್ಳಬೇಕು. ಅದನ್ನು ತಂದೆತಾಯಿಗಳಿಗೆ ಪರಿಚಯಿಸಿ, ಅವರ ಮನ ಒಲಿಸುವಂತೆ ಒಂದೇ ಒಂದು ಪ್ಯಾರಾ ಬರೆಯಬೇಕು. ನಾಲ್ಕು ಜನರ ನಮ್ಮ ಗುಂಪಿನಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಅದು ಹೀಗಿತ್ತು:

“ನಿಮ್ಮ ಮಗು ಓದಿನಲ್ಲಿ ಹಿಂದೆ ಬೀಳುತ್ತಿದೆಯೇ? ಈ ಸ್ಪರ್ಧಾತ್ಮಕ ಯುಗದಲ್ಲಿ ಒಂದು ದಿನ ತಡವಾದರೂ ಭವಿಷ್ಯವೇ ಕೈತಪ್ಪಬಹುದು! ಅನುಭವಿ ಶಿಕ್ಷಕರಿಂದ ವಿಶ್ವದರ್ಜೆಯ ಪಾಠ ಈಗ ನಿಮ್ಮ ಮನೆಬಾಗಿಲಿಗೆ. ಸಾವಿರಾರು ಪೋಷಕರು ಈಗಾಗಲೇ ನಮ್ಮನ್ನು ನಂಬಿದ್ದಾರೆ. ಶೇ. 100 ಫಲಿತಾಂಶ ಖಚಿತ. ಕೆಲವೇ ಸೀಟುಗಳು ಉಳಿದಿವೆ, ಇಂದೇ ಸೇರಿಸಿ!”

ತರಗತಿಯಲ್ಲಿ ಚಪ್ಪಾಳೆ ಬಿತ್ತು. ಆ ಭಾನುವಾರ ಪಾಳ್ಯದ ಆಚೆ ಕಾಫಿ ತೋಟವೊಂದರ ಪಕ್ಕದಲ್ಲಿರುವ ನಮ್ಮ ಖಾಲಾ ಮನೆಗೆ ಹೋಗಿದ್ದೆ. ಅವರ ಮಗಳು ಒಂಬತ್ತನೇ ತರಗತಿ. ಇಂಥ ಪ್ಯಾರಾ ಓದಬೇಕಾದವರು ಇವರೇ ಅಲ್ಲವೇ ಎಂದು ಹೆಮ್ಮೆಯಿಂದ ಓದಿ ಹೇಳಿದೆ. ಖಾಲಾ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಟಾ, ನನಗೆ ಬಂದಿದ್ದ ಮೆಸೇಜೂ ಹೀಗೇ ಇತ್ತು” ಎಂದರು.

ಆಮೇಲೆ ಗೊತ್ತಾದದ್ದು ಇಷ್ಟು. ಎರಡು ವರ್ಷದ ಹಿಂದೆ ಖಾಲಾ ಯಾವುದೋ ಒಂದು ಆನ್‌ಲೈನ್ ಪಾಠದ ಕೋರ್ಸಿಗೆ ಮಗಳನ್ನು ಸೇರಿಸಿದ್ದರು. ಫೋನಿನಲ್ಲಿ ಮಾತಾಡಿದವರು ಅದನ್ನು ಫೀಸಿನ ಕಂತು ಎಂದಿದ್ದರು. ನಿಜದಲ್ಲಿ ಅದು ಸಾಲದ ಕಂತು. ಪ್ರತಿ ತಿಂಗಳು ಖಾತೆಯಿಂದ ಹಣ ತಾನಾಗಿಯೇ ಹೋಗುತ್ತಿತ್ತು. ತೋಟದ ಹತ್ತಿರ ನೆಟ್‌ವರ್ಕ್ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ಹಾಗಾಗಿ ಹುಡುಗಿ ನೋಡಿದ್ದು ಕೆಲವೇ ಪಾಠ. ನಿಲ್ಲಿಸಿ ಎಂದರೆ ಯಾರಿಗೆ ಹೇಳಬೇಕೆಂದೇ ತಿಳಿಯಲಿಲ್ಲ. ಖಾಲೂಗೆ ಈ ವಿಷಯ ಹೇಳಲು ಅವರಿಗೆ ಆರು ತಿಂಗಳು ಬೇಕಾಯಿತು.

ಅವರನ್ನು ಬಲೆಗೆ ಬೀಳಿಸಿದಂಥ ಪ್ಯಾರಾವನ್ನೇ ನಾನು ಬರೆದು ಚಪ್ಪಾಳೆ ತೆಗೆದುಕೊಂಡಿದ್ದೆ. ಅಂದಿನಿಂದ ನನ್ನ ಅಭಿಪ್ರಾಯ ಬದಲಾಗಿದೆ. ಪೋಷಕರ ಮನ ಒಲಿಸುವ ಪ್ಯಾರಾ ಎಂದರೆ ಅವರ ಭಯವನ್ನು ಮುಟ್ಟುವ ಪ್ಯಾರಾ ಅಲ್ಲ, ಅವರ ಪ್ರಶ್ನೆಗೆ ಉತ್ತರ ಕೊಡುವ ಪ್ಯಾರಾ.

ನನ್ನ ಮೊದಲ ಪ್ಯಾರಾದ ತಪ್ಪುಗಳನ್ನೇ ನೋಡೋಣ. “ಹಿಂದೆ ಬೀಳುತ್ತಿದೆಯೇ” ಎಂಬ ಪ್ರಶ್ನೆಗೆ ಯಾವ ತಾಯಿಯೂ ಧೈರ್ಯವಾಗಿ ಇಲ್ಲ ಎನ್ನಲಾರಳು. ಅದು ಪ್ರಶ್ನೆಯಲ್ಲ, ಹೆದರಿಸುವ ಉಪಾಯ. ನಮ್ಮ ರಾಜ್ಯದ ರಾಜಧಾನಿಯಲ್ಲೇ ಬೆಳೆದ ಬೈಜೂಸ್ ಕಂಪನಿ ಪೋಷಕರ ಮೇಲೆ ಒತ್ತಡ ಹಾಕಿ ಕೋರ್ಸ್ ಮಾರುತ್ತಿದೆ ಎಂಬ ಆರೋಪ ಬಂದಾಗ, 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ಕಳಿಸಿತ್ತು. ಅದಕ್ಕೂ ಒಂದು ವರ್ಷ ಮೊದಲು, 2021ರ ಡಿಸೆಂಬರಿನಲ್ಲಿ, ಕೇಂದ್ರ ಶಿಕ್ಷಣ ಸಚಿವಾಲಯ ಪೋಷಕರಿಗೆ ಒಂದು ಸಲಹೆ ಹೊರಡಿಸಿತ್ತು. ಇಂಥ ಕೋರ್ಸುಗಳಿಗೆ ಖಾತೆಯಿಂದ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಎಂಬುದು ಅದರಲ್ಲಿದ್ದ ಮಾತುಗಳಲ್ಲಿ ಒಂದು. ಖಾಲಾ ಎಡವಿದ್ದು ಸರಿಯಾಗಿ ಅಲ್ಲೇ.

ಎರಡನೆಯದು, “ಸಾವಿರಾರು ಪೋಷಕರು”. ನಮ್ಮ ಆ್ಯಪ್ ಇನ್ನೂ ಹುಟ್ಟಿಯೇ ಇರಲಿಲ್ಲ! ಸಾಕ್ಷಿ ಇಲ್ಲದಾಗ ಸಾಕ್ಷಿಯನ್ನು ಹುಟ್ಟಿಸುವ ಆಸೆ ದೊಡ್ಡ ಕಂಪನಿಗಳನ್ನೂ ಬಿಟ್ಟಿಲ್ಲ. 2020ರಲ್ಲಿ ಮಕ್ಕಳಿಗೆ ಕೋಡಿಂಗ್ ಕಲಿಸುವ ವೈಟ್‌ಹ್ಯಾಟ್ ಜೂನಿಯರ್‌ನ ಜಾಹೀರಾತುಗಳಲ್ಲಿ ವುಲ್ಫ್ ಗುಪ್ತಾ ಎಂಬ ಹುಡುಗ ಕಾಣಿಸಿಕೊಂಡ. ಕೋಡಿಂಗ್ ಕಲಿತು ಕೋಟಿಗಟ್ಟಲೆ ಸಂಬಳದ ಕೆಲಸ ಪಡೆದವನಂತೆ. ಒಂದೊಂದು ಜಾಹೀರಾತಿನಲ್ಲಿ ಅವನ ವಯಸ್ಸು ಒಂದೊಂದು, ಸಂಬಳವೂ ಒಂದೊಂದು. ಜನ ಇದನ್ನು ಹೋಲಿಸಿ ನೋಡಿದಾಗ ಅಂಥ ಹುಡುಗನೇ ಇಲ್ಲ ಎಂಬುದು ಬಯಲಾಯಿತು. ಆ ವರ್ಷವೇ ಜಾಹೀರಾತು ಗುಣಮಟ್ಟ ಮಂಡಳಿಯ ಸೂಚನೆಯಂತೆ ಕಂಪನಿ ಐದು ಜಾಹೀರಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ಮೂರನೆಯದು, “ಶೇ. 100 ಫಲಿತಾಂಶ” ಮತ್ತು “ಕೆಲವೇ ಸೀಟುಗಳು”. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ತಂದಿದೆ. ಅಂಕ, ರ‍್ಯಾಂಕ್, ಸೀಟು ಖಚಿತ ಎಂಬ ಸುಳ್ಳು ಭರವಸೆಗೂ, ಸೀಟು ಮುಗಿಯುತ್ತಿದೆ ಎಂಬ ಸುಳ್ಳು ಅವಸರಕ್ಕೂ ಅದು ತಡೆ ಹಾಕಿದೆ. ಅಂದರೆ ನನಗೆ ಚಪ್ಪಾಳೆ ಕೊಡಿಸಿದ ಎರಡು ಸಾಲುಗಳು ನಿಯಮದ ಪ್ರಕಾರವೇ ತಪ್ಪು.

ಇವನ್ನೆಲ್ಲ ತೆಗೆದರೆ ಪ್ಯಾರಾದಲ್ಲಿ ಉಳಿಯುವುದೇನು? ಏನೂ ಇಲ್ಲ. ಹಾಗಾಗಿ ಖಾಲಾರನ್ನೇ ಕೇಳಿದೆ, ನಿಮಗೆ ಏನು ತಿಳಿಯಬೇಕು ಎಂದು. ಅವರು ನಮ್ಮ ಮನೆಯ ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರುವವರು ಯಾರು, ಹೆಣ್ಣೋ ಗಂಡೋ? ಎಷ್ಟು ಹೊತ್ತಿಗೆ ಬರುತ್ತಾರೆ, ಮಗ್ರಿಬ್‌ಗೆ ಮುಂಚೆ ಮುಗಿಯುತ್ತದೆಯೇ? ತಿಂಗಳಿಗೆ ಒಟ್ಟು ಎಷ್ಟು ದುಡ್ಡು? ಬೇಡ ಅನಿಸಿದರೆ ನಿಲ್ಲಿಸುವುದು ಹೇಗೆ?

ಈ ನಾಲ್ಕರಲ್ಲಿ ಒಂದಕ್ಕೂ ನನ್ನ ಪ್ಯಾರಾದಲ್ಲಿ ಉತ್ತರ ಇರಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ, ನಮ್ಮ ಗುಂಪಿನ ಯೋಜನೆಯಲ್ಲೂ ಉತ್ತರ ಇರಲಿಲ್ಲ. ಸೋಮವಾರ ನಾಲ್ವರೂ ಕೂತು ಮೊದಲು ಅದನ್ನು ತೀರ್ಮಾನಿಸಿದೆವು. ಎಲ್ಲ ವಿಷಯ ಕಲಿಸುತ್ತೇವೆ ಎನ್ನುವುದನ್ನು ಬಿಟ್ಟು ಗಣಿತ ಒಂದನ್ನೇ ಇಟ್ಟುಕೊಂಡೆವು. ಮುಂಗಡ ಫೀಸನ್ನು ತೆಗೆದು, ತಿಂಗಳ ಕೊನೆಯಲ್ಲಿ ಕೊಡುವಂತೆ ಮಾಡಿದೆವು. ಪ್ಯಾರಾ ಚೆನ್ನಾಗಿ ಬರಲಿಲ್ಲ ಎಂದರೆ ಎಷ್ಟೋ ಸಲ ದೋಷ ಭಾಷೆಯದ್ದಲ್ಲ, ಹೇಳಲು ನಮ್ಮ ಹತ್ತಿರ ಏನೂ ಇಲ್ಲ ಎಂದೇ ಅರ್ಥ.

ಆಮೇಲೆ ಬರೆದದ್ದು ಇದು:

“ನಿಮ್ಮ ಮಗ ಅಥವಾ ಮಗಳು 8ರಿಂದ 10ನೇ ತರಗತಿಯಲ್ಲಿದ್ದು ಗಣಿತ ಕಷ್ಟವಾಗುತ್ತಿದ್ದರೆ, ಸಂಜೆ ಟ್ಯೂಷನ್ನಿಗೆ ಆಲೂರಿಗೆ ಕಳಿಸಿ, ಆನೆ ದಾರಿಯಲ್ಲಿ ಯಾವಾಗ ಬರುತ್ತಾರೋ ಎಂದು ಕಾಯಬೇಕಿಲ್ಲ, ಪಾಠ ಹೇಳುವವರೇ ನಿಮ್ಮ ಮನೆಗೆ ಬರುತ್ತಾರೆ. ಬರುವವರ ಹೆಸರು, ಫೋಟೊ, ಓದು, ಊರು ಆ್ಯಪ್‌ನಲ್ಲಿ ಮೊದಲೇ ಕಾಣುತ್ತದೆ. ಶಿಕ್ಷಕಿಯೇ ಬೇಕೆಂದರೆ ಹಾಗೇ ಆರಿಸಬಹುದು. ವಾರಕ್ಕೆ ಎರಡು ದಿನ, ನೀವು ಹೇಳಿದ ಹೊತ್ತಿಗೆ ಒಂದು ಗಂಟೆ. ಗಂಟೆಗೆ 150 ರೂಪಾಯಿ, ತಿಂಗಳ ಎಂಟು ಪಾಠಕ್ಕೆ 1,200 ರೂಪಾಯಿ. ತಿಂಗಳು ಮುಗಿದ ಮೇಲೆ ಕೊಡಿ. ನಿಲ್ಲಿಸಲು ಒಂದು ಮೆಸೇಜ್ ಸಾಕು, ಅಲ್ಲಿಯವರೆಗೆ ಆದ ಪಾಠದ ಹಣ ಮಾತ್ರ. ಸದ್ಯಕ್ಕೆ ಗಣಿತ ಮಾತ್ರ ಇದೆ. ಜೋರು ಮಳೆ ಅಥವಾ ಆನೆ ಇರುವ ಸುದ್ದಿ ಬಂದ ದಿನ ಪಾಠ ಮುಂದಕ್ಕೆ ಹೋಗುತ್ತದೆ. ಇಷ್ಟೇ ಅಂಕ ಬರುತ್ತದೆ ಎಂಬ ಭರವಸೆ ನಾವು ಕೊಡುವುದಿಲ್ಲ. ಮೊದಲ ಪಾಠಕ್ಕೆ ದುಡ್ಡಿಲ್ಲ. ಪಕ್ಕದಲ್ಲಿ ಕೂತು ನೋಡಿ, ಆಮೇಲೆ ತೀರ್ಮಾನಿಸಿ.”

ಇದರಲ್ಲಿ ಅಲಂಕಾರದ ಮಾತು ಒಂದೂ ಇಲ್ಲ. ಮೊದಲ ವಾಕ್ಯ ಯಾರಿಗೆ ಎಂಬುದನ್ನು ಹೇಳುತ್ತದೆ, ಹಾಗಾಗಿ ಬೇಡದವರು ಅಲ್ಲೇ ಬಿಟ್ಟುಬಿಡಬಹುದು. ಸಂಜೆಯ ದಾರಿ ಮತ್ತು ಆನೆಯ ಮಾತು ನಾವು ಹುಟ್ಟಿಸಿದ ಭಯವಲ್ಲ; ಆಲೂರು, ಸಕಲೇಶಪುರದ ತೋಟದ ಕಡೆಯ ಮನೆಗಳಲ್ಲಿ ದಿನವೂ ಇರುವ ಚಿಂತೆ. ದುಡ್ಡನ್ನು ಗಂಟೆಯ ಲೆಕ್ಕದಲ್ಲಿ ಮಾತ್ರ ಹೇಳಿದರೆ ಕಡಿಮೆ ಅನಿಸುತ್ತದೆ. ತಾಯಿ ಮನೆ ಖರ್ಚು ತೂಗಿಸುವುದು ತಿಂಗಳ ಲೆಕ್ಕದಲ್ಲಿ, ಆದ್ದರಿಂದ ಎರಡೂ ಇರಬೇಕು. ಸಾಕ್ಷಿಯ ಜಾಗದಲ್ಲಿ ದುಡ್ಡಿಲ್ಲದ ಮೊದಲ ಪಾಠ ಇದೆ. ಹೊಸಬರಿಗೆ ಹೇಳಿಕೊಳ್ಳಲು ಹಳೆಯ ಹೆಸರಿಲ್ಲ, ತೋರಿಸಲು ಪಾಠ ಇದೆ.

ನನ್ನ ಗೆಳೆಯ ಒಪ್ಪಲಿಲ್ಲ. “ನಮ್ಮ ಕೊರತೆಯನ್ನು ನಾವೇ ಹೇಳಿದರೆ ಯಾರು ತಗೊಳ್ತಾರೆ? ಅಂಕದ ಭರವಸೆ ಇಲ್ಲ ಅಂತ ಯಾರಾದರೂ ಜಾಹೀರಾತಿನಲ್ಲಿ ಬರೀತಾರಾ?” ಎಂದ. ಅವನ ಮಾತಿನಲ್ಲಿ ನಿಜ ಇದೆ. ಈ ಪ್ಯಾರಾ ಓದಿ ಫೋನ್ ಮಾಡುವವರು ಕಡಿಮೆ ಇರಬಹುದು. ಆದರೆ ವಿಜ್ಞಾನ ಬೇಕೆಂದವರು ಸೇರಿ ಹದಿನೈದು ದಿನಕ್ಕೆ ಜಗಳವಾಡಿ ಬಿಡುವುದಕ್ಕಿಂತ ಮೊದಲೇ ಬಾರದಿರುವುದು ಇಬ್ಬರಿಗೂ ಲಾಭ. ಆಲೂರಿನಂಥ ಊರಿನಲ್ಲಿ ಒಬ್ಬ ತಾಯಿಗೆ ಮೋಸವಾದರೆ ಆ ಸುದ್ದಿ ಮುಂದಿನ ಮದುವೆ ಮನೆಯಲ್ಲಿ ಎಲ್ಲರಿಗೂ ತಲುಪಿರುತ್ತದೆ.

ಅವನಿಗೆ ನಾನು ನೆನಪಿಸಿದ್ದು ನಾವೆಲ್ಲ ಮದ್ರಸದಲ್ಲಿ ಕೇಳಿದ ಒಂದು ಘಟನೆಯನ್ನು. ಅಬೂ ಹುರೈರಾ (ರ) ಅವರಿಂದ ವರದಿಯಾಗಿ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಹದೀಸ್ ಅದು. ಪ್ರವಾದಿ (ಸ) ಸಂತೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿ (ಸ) ಕೇಳಿದರು; ಮೋಸ ಮಾಡುವವನು ತಮ್ಮವನಲ್ಲ ಎಂದರು. ಗಮನಿಸಿ, ಒದ್ದೆ ಧಾನ್ಯವನ್ನು ಮಾರಬೇಡ ಎಂದು ಹೇಳಲಿಲ್ಲ. ಮೇಲೆ ಇಡು ಎಂದರು. ನಮ್ಮ ಕಡೆ ಮೆಣಸು ಕೊಳ್ಳುವವರೂ ಚೀಲದ ಮೇಲಿನದ್ದನ್ನು ನೋಡಿ ದರ ಹೇಳುವುದಿಲ್ಲ, ಒಳಗೆ ಕೈ ಹಾಕುತ್ತಾರೆ. ಪೋಷಕರೂ ಒಂದಲ್ಲ ಒಂದು ದಿನ ಕೈ ಹಾಕಿಯೇ ಹಾಕುತ್ತಾರೆ. ಗಣಿತ ಮಾತ್ರ ಇದೆ, ಮಳೆಗೆ ಪಾಠ ತಪ್ಪಬಹುದು, ಅಂಕ ನಮ್ಮ ಕೈಯಲ್ಲಿಲ್ಲ ಎಂಬ ಮಾತುಗಳು ನಮ್ಮ ರಾಶಿಯ ಒದ್ದೆ ಧಾನ್ಯ.

ಎರಡನೇ ಪ್ಯಾರಾವನ್ನು ಖಾಲಾಗೆ ಓದಿ ಹೇಳಿ, ಚೀಟಿ ಮಡಚಿಟ್ಟು, ಏನು ಕೇಳಿದಿರಿ ಎಂದು ಕೇಳಿದೆ. ಶಿಕ್ಷಕಿ ಬರುತ್ತಾರೆ, ಸಾವಿರದ ಇನ್ನೂರು, ತಿಂಗಳ ಕೊನೆಗೆ, ಬೇಡ ಅಂದರೆ ಮೆಸೇಜ್ ಎಂದು ತಪ್ಪಿಲ್ಲದೆ ಹೇಳಿದರು. ಮೊದಲನೆಯದರಲ್ಲಿ ಅವರಿಗೆ ನೆನಪಿದ್ದದ್ದು ಭವಿಷ್ಯ ಕೈತಪ್ಪುತ್ತದೆ ಎಂಬುದೊಂದೇ. ಪ್ಯಾರಾ ಸರಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಕಂಡಿಲ್ಲ.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಮುಂದಿನ ವರ್ಷ ಈ ಚಟುವಟಿಕೆ ಕೊಟ್ಟಾಗ ಅಂಕವನ್ನು ತರಗತಿಯ ಚಪ್ಪಾಳೆ ನೋಡಿ ಕೊಡಬೇಡಿ. ಪ್ರತಿ ವಿದ್ಯಾರ್ಥಿಯೂ ತನ್ನ ಪ್ಯಾರಾವನ್ನು ಒಬ್ಬ ತಾಯಿಗೋ ತಂದೆಗೋ ಓದಿ ಹೇಳಲಿ, ಅವರು ಕೇಳಿದ ಪ್ರಶ್ನೆಗಳನ್ನು ಅದರ ಕೆಳಗೆ ಬರೆದು ತರಲಿ. ನನ್ನ ಮೊದಲ ಪ್ಯಾರಾಗೆ ಹತ್ತಕ್ಕೆ ಒಂಬತ್ತು ಬಂದಿತ್ತು. ಖಾಲಾ ಕೊಟ್ಟಿದ್ದರೆ ಸೊನ್ನೆ ಬರುತ್ತಿತ್ತು, ಮತ್ತು ಅದೇ ಸರಿಯಾದ ಅಂಕ.