‘ವಾರಸುದಾರ ಇರಲಿಲ್ಲ’ ಅಂತ ಹೇಳಿದವರು ಯಾರು?

ಗಡಿ ವಾದ ಶುರುವಾದ್ರ ಸಾಕು, ಯಾರಾದ್ರೂ ಒಬ್ರು 1884ರ ಬೆಳಗಾವಿ ಗೆಜೆಟಿಯರ್ ಸ್ಕ್ರೀನ್‌ಶಾಟ್ ಹಾಕ್ತಾರ. ಹಳೇ ಪುಸ್ತಕ, ಅದಕ್ಕ ಖರೇನ ಇರಬೇಕು ಅನ್ನೋ ಲೆಕ್ಕ. ಎದುರಿನವರು ‘ಬ್ರಿಟಿಷರು ಬರೆದಿದ್ದು, ಎಲ್ಲಾ ಸುಳ್ಳು’ ಅಂತಾರ. ನನಗಂತೂ ಎರಡೂ ಒಪ್ಪಿಗಿಲ್ಲ.

ನಮ್ಮ ನಿಪ್ಪಾಣಿದೇ ಒಂದು ಸಂಗತಿ ತಗೊಳ್ರಿ. ಇಂಗ್ಲಿಷ್ ಗೆಜೆಟಿಯರ್‌ಗಳ ಪ್ರಕಾರ ನಿಪ್ಪಾಣಿ ದೇಸಾಯರ ಸಂಸ್ಥಾನ ವಾರಸುದಾರರಿಲ್ಲದೆ 1839ರಲ್ಲಿ ಬ್ರಿಟಿಷರಿಗೆ ಸೇರಿತು. ಇಂಥದ್ದಕ್ಕ ಕಂಪನಿಯ ಕಡತದಾಗ ‘ಲ್ಯಾಪ್ಸ್’ ಅನ್ನೋ ಶಬ್ದ ಇತ್ತು. ಯಾರೂ ಕಸ್ಕೊಂಡಿಲ್ಲ, ತಾನಾಗೇ ಬಂದು ಬಿತ್ತು ಅನ್ನೋ ಹಂಗ! ಆದ್ರ ವಾರಸುದಾರ ಇಲ್ಲ ಅಂತ ತೀರ್ಪು ಕೊಟ್ಟವರು ಯಾರು? ಅದೇ ಕಂಪನಿ. ಜಮೀನು ಸಿಕ್ಕಿದ್ದು ಯಾರಿಗೆ? ಅದಕ್ಕೇ.

ಆ ಕಾಲನೂ ನೋಡ್ರಿ. ಬರೀ 15 ವರ್ಷ ಹಿಂದ, 1824ರಲ್ಲಿ, ಇದೇ ಸೀಮಿಯ ಕಿತ್ತೂರಿನಾಗ ಶಿವಲಿಂಗಪ್ಪ ಅನ್ನೋ ದತ್ತುಮಗ ಇದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನೇ ಒಪ್ಪಲಿಲ್ಲ. ಚೆನ್ನಮ್ಮ ಯುದ್ಧಕ್ಕ ನಿಂತದ್ದು ಅದಕ್ಕೇ. ಅಂದ್ರ ಕಂಪನಿಯವರು ‘ವಾರಸುದಾರ ಇಲ್ಲ’ ಅಂದ್ರ, ಮಗನೇ ಇರಲಿಲ್ಲ ಅಂತಲೂ ಆಗಬಹುದು, ಇದ್ದವನನ್ನ ನಾವು ಒಪ್ಪಲಿಲ್ಲ ಅಂತಲೂ ಆಗಬಹುದು.

ಹಂಗಂತ ನಿಪ್ಪಾಣಿಯೊಳಗೂ ಹಂಗೇ ಆತು ಅನ್ನಬ್ಯಾಡ್ರಿ. ಕಿತ್ತೂರಿನ ಸಾಕ್ಷಿ ನಿಪ್ಪಾಣಿಗೆ ನಡಿಯಂಗಿಲ್ಲ, ಸಂಶಯ ಪಡೋಕಷ್ಟೇ ಕಾರಣ ಕೊಡ್ತದ. ತೀರ್ಮಾನ ಬೇಕಂದ್ರ 1839ರ ಆಸುಪಾಸಿನ ಪತ್ರವ್ಯವಹಾರ ಬೇಕು, ದೇಸಾಯರ ಮನಿತನದವರು ಬರೆದ ಅರ್ಜಿ ಇದ್ರ ಅದೂ ಬೇಕು. ಮುಂಬೈ ಇಲಾಖೆಯ ಹಳೇ ದಾಖಲೆ ಮುಂಬೈನ ಪುರಾಭಿಲೇಖಾಗಾರದಾಗ ಅದಾವ. ಮೋಡಿ ಲಿಪಿ ಓದೋರೂ ಬೇಕಾಗ್ತಾರ. ಗೆಜೆಟಿಯರ್ ಅಂತೂ ಘಟನೆ ಆಗಿ 45 ವರ್ಷದ ಮ್ಯಾಲೆ, ಜೇಮ್ಸ್ ಕ್ಯಾಂಪ್‌ಬೆಲ್ ಅನ್ನೋ ಅಧಿಕಾರಿಯ ಸಂಪಾದಕತ್ವದಾಗ, ಸರ್ಕಾರಿ ಪ್ರೆಸ್ಸಿನಾಗ ಅಚ್ಚಾದದ್ದು.

ಹಂಗಾದ್ರ ಅದನ್ನ ಒಗೀಬೇಕಾ? ಇಲ್ಲ. ಬಿಕಾಂನವರಿಗೆ ಇದು ಲಗೂನ ತಿಳೀತದ. ಒಬ್ಬ ಅಂಗಡಿಯವ ಸಾಲ ಕೇಳಾಕ ಬ್ಯಾಂಕಿಗೆ ತೋರಿಸೋ ಲಾಭ ಬ್ಯಾರೆ, ತೆರಿಗೆ ಇಲಾಖೆಗೆ ತೋರಿಸೋ ಲಾಭ ಬ್ಯಾರೆ ಇರಬಹುದು. ಆದ್ರ ತನ್ನ ಉದ್ರಿ ವಹಿಯೊಳಗ ಅವ ಸುಳ್ಳು ಬರಿಯಂಗಿಲ್ಲ, ಬರೆದ್ರ ಲುಕ್ಸಾನು ಅವನಿಗೇ. ಗೆಜೆಟಿಯರ್ ಓದೋರು ಮುಖ್ಯವಾಗಿ ಆಡಳಿತ ನಡೆಸೋ ಅಧಿಕಾರಿಗಳು. ಕಂದಾಯ, ಬೆಳೆ, ಸಂತೆ, ರಸ್ತೆ ಇವು ಅವರಿಗೆ ಉದ್ರಿ ವಹಿ ಇದ್ದಂಗ. ಅಲ್ಲಿ ತಪ್ಪಿದ್ರೂ ಬೇಕಂತ ತಪ್ಪಿಸಿರೋದು ಕಡಿಮಿ. ಆದ್ರ ‘ಈ ನೆಲ ನಮ್ಮ ಕೈಗೆ ಹೆಂಗ ಬಂತು’ ಅನ್ನೋ ಪ್ಯಾರಾ, ಅದು ಬ್ಯಾಂಕಿಗೆ ತೋರಿಸೋ ಕಾಗದ.

ಮುಂದಿನ ಸಲ ಸ್ಕ್ರೀನ್‌ಶಾಟ್ ಹಾಕೋರಿಗೆ ನಾ ಒಂದೇ ಕೇಳ್ತೀನಿ: ಇದು ಯಾವ ಪ್ಯಾರಾದ್ದಪಾ?