ನುಣುಪಾದ ಗೆರೆ ಎಂದರೆ ನಿಖರವಾದ ಗೆರೆಯೇ?

ಗ್ರಾಫ್‌ನ ಗೆರೆ ನುಣುಪಾಗಿದ್ದರೆ ಅದು ಸರಿಯೇ ಇರುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಒಂದು ಲೆಕ್ಕದಿಂದ ಇದನ್ನು ಪರೀಕ್ಷಿಸೋಣ.

y = x² ಗೆರೆಯ ಮೂರು ಬಿಂದುಗಳು ಮಾತ್ರ ನಮಗೆ ಗೊತ್ತು: x 0, 1, 2 ಆದಾಗ y 0, 1, 4. ಕ್ಯೂಬಿಕ್ ಸ್ಪ್ಲೈನ್ ಪ್ರತಿ ಎರಡು ಬಿಂದುಗಳ ನಡುವೆ x³ ವರೆಗಿನ ಒಂದು ತುಂಡು ಗೆರೆ ಇಟ್ಟು, ಇಳಿಜಾರು ಮತ್ತು ಬಾಗು ಹೊಂದುವಂತೆ ಜೋಡಿಸುತ್ತದೆ. ಎರಡು ತುದಿಗಳ ನಿಯಮವನ್ನು ಮಾತ್ರ ನಾವೇ ಕೊಡಬೇಕು. ತುದಿಯಲ್ಲಿ ಬಾಗು ಸೊನ್ನೆ ಎಂದರೆ, x = 0.5 ರಲ್ಲಿ 0.3125 ಬರುತ್ತದೆ, ನಿಜವಾದ ಬೆಲೆ 0.25. ತುದಿಗಳ ನಿಜವಾದ ಇಳಿಜಾರು 0 ಮತ್ತು 4 ಕೊಟ್ಟರೆ ಸರಿಯಾಗಿ 0.25 ಸಿಗುತ್ತದೆ.

x³ ವರೆಗಿನದನ್ನು ತುಂಡು ಹಿಡಿದಿಡುವುದರಿಂದ, ಉಳಿಯುವ ತಪ್ಪು ಅಂತರದ ನಾಲ್ಕನೇ ಘಾತದ್ದು. ಅಂತರ ಅರ್ಧವಾದರೆ ತಪ್ಪು ಸುಮಾರು 16ನೇ ಒಂದು ಭಾಗಕ್ಕೆ ಇಳಿಯಬೇಕು. ತುದಿಯ ಬಳಿ ನಾಲ್ಕನೇ ಒಂದು ಭಾಗಕ್ಕಷ್ಟೇ ಇಳಿದರೆ, ತುದಿಯ ನಿಯಮವನ್ನೇ ಅನುಮಾನಿಸಿ.