ನಡು ಊರು ಯಾವುದು? ಕಿಲೋಮೀಟರ್ ಬಿಡ್ರಿ, ತಾಸು ಎಣಿಸ್ರಿ

ನಮ್ಮೂರ ಕಡೆ ಮಾತು, ಭಾಗ 6

ನಾವು ಮೂರು ಮಂದಿ. ನಾನು ತಿಳವಳ್ಳಿ. ಒಬ್ಬ ದೋಸ್ತ ಹುಬ್ಬಳ್ಳಿಯ ಅಂಗಡಿಯೊಂದ್ರಾಗ ಕೆಲಸ ಮಾಡ್ತಾನ, ರವಿವಾರ ಅಷ್ಟೇ ರಜೆ. ಇನ್ನೊಬ್ಬಾಕಿ ಶಿವಮೊಗ್ಗದಾಗ ಓದ್ತಾಳ, ಸಂಜೆ 7ರ ಒಳಗ ಹಾಸ್ಟೆಲ್ ಸೇರಬೇಕು. ಪಿಯುಸಿ ಮುಗಿದ ಮೇಲೆ ಒಮ್ಮೆ ಕೂಡಬೇಕು ಅಂದ್ರ ಮೊದಲ ಪ್ರಶ್ನೆ: ಎಲ್ಲಿ?

ನಕಾಶೆ ತೆಗೆದು ಸ್ಕೇಲ್ ಇಟ್ರೆ ಉತ್ತರ ಭಾಳ ಸುಲಭ. ತಿಳವಳ್ಳಿಯಿಂದ ಹುಬ್ಬಳ್ಳಿಗೂ ಶಿವಮೊಗ್ಗಕ್ಕೂ ನೇರ ಗೆರೆ ಎಳೆದ್ರೆ ಎರಡೂ ಹೆಚ್ಚು ಕಡಿಮೆ 80-85 ಕಿ.ಮೀ. ಅಂದ್ರೆ ನಡುವಿನ ಊರು ನಮ್ಮೂರೇ! ನನಗೆ ಖುಷಿನೇ. ಆದರೆ ಇದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ. ಯಾಕಂದ್ರೆ ಯಾರೂ ನೇರ ಗೆರೆ ಮೇಲೆ ಬರಲ್ಲ. ಬಸ್ ಹತ್ತಿ ಬರ್ತಾರೆ, ಬಸ್ ಬದಲಿಸ್ತಾರೆ, ಸ್ಟ್ಯಾಂಡಿನಾಗ ಕಾಯ್ತಾರೆ.

ಹಂಗಾಗಿ ಒಂದು ಹಾಳಿ ತಗೊಂಡು ಪಟ್ಟಿ ಮಾಡಿದ್ವಿ. ಎಡಗಡೆ ಕೂಡಬಹುದಾದ ಊರುಗಳು, ಮೇಲೆ ಮೂವರ ಹೆಸರು. ಪ್ರತಿ ಮನೆಯಲ್ಲೂ ಮನೆ ಬಾಗಿಲಿನಿಂದ ಆ ಊರಿನ ಬಸ್ ಸ್ಟ್ಯಾಂಡಿನ ತನಕ ಎಷ್ಟು ನಿಮಿಷ, ಕಾಯೋದೂ ಸೇರಿಸಿ. ಅವರವರು ಓಡಾಡಿದ ಅಂದಾಜಿನ ಮೇಲೆ ಬರೆದದ್ದು:

ತಿಳವಳ್ಳಿ: ನನಗೆ 0, ಹುಬ್ಬಳ್ಳಿಯವನಿಗೆ 180, ಶಿವಮೊಗ್ಗದಾಕಿಗೆ 190. ಒಟ್ಟು 370.
ಹಾವೇರಿ: 105, 110, 195. ಒಟ್ಟು 410.
ರಾಣೆಬೆನ್ನೂರು: 135, 140, 145. ಒಟ್ಟು 420.

ಈಗ ಇಲ್ಲೇ ಜಗಳ. ಬಿಕಾಂ ಬುದ್ಧಿ ಮೊದಲು ಒಟ್ಟು ನೋಡು ಅನ್ನುತ್ತೆ. ಒಟ್ಟು ನೋಡಿದ್ರೆ ತಿಳವಳ್ಳಿನೇ ಗೆಲ್ಲುತ್ತೆ. ಆದ್ರೆ ಆ 370 ನಿಮಿಷವನ್ನ ಪೂರ್ತಿ ಇಬ್ಬರೇ ಹೊತ್ತಾರೆ, ನಾನು ಸೊನ್ನೆ. ಒಟ್ಟು ಲೆಕ್ಕ ಖರ್ಚು ಎಷ್ಟಾಯ್ತು ಅಂತ ಹೇಳುತ್ತೆ, ಯಾರ ಕಿಸೆಯಿಂದ ಹೋಯ್ತು ಅಂತ ಹೇಳಲ್ಲ.

ಅದಕ್ಕೆ ನನ್ನ ನಿಯಮ ಬೇರೆ. ಪ್ರತಿ ಸಾಲಿನಲ್ಲಿ ಅತಿ ದೊಡ್ಡ ಸಂಖ್ಯೆಗೆ ಸುತ್ತು ಹಾಕ್ರಿ: 190, 195, 145. ಇವುಗಳಲ್ಲಿ ಯಾವುದು ಚಿಕ್ಕದೋ ಆ ಊರು. ಅಂದ್ರೆ ಎಲ್ಲರಿಗಿಂತ ದೂರದವರಿಗೆ ಆಗೋ ತೊಂದರೆ ಎಲ್ಲಿ ಕಮ್ಮಿಯೋ ಅಲ್ಲಿ ಕೂಡೋದು. ಎರಡು ಊರು ಸಮ ಬಂದ್ರೆ ಮಾತ್ರ ಒಟ್ಟು ನೋಡ್ರಿ. ನಮ್ಮ ಲೆಕ್ಕದಾಗ ರಾಣೆಬೆನ್ನೂರು. ಒಟ್ಟು 50 ನಿಮಿಷ ಜಾಸ್ತಿ ಹೋಗುತ್ತೆ, ಖರೆ. ಆದ್ರೆ ಶಿವಮೊಗ್ಗದಾಕಿಗೆ ಹೋಗೋ ಮುಂದ 45, ಬರೋ ಮುಂದ 45, ಒಂದೂವರೆ ತಾಸು ಉಳೀತು. ಹಾಸ್ಟೆಲ್ ಗೇಟಿನ ಲೆಕ್ಕದಾಗ ಅದು ಸಣ್ಣದಲ್ಲ.

ಹುಬ್ಬಳ್ಳಿಯಿಂದ ರಾಣೆಬೆನ್ನೂರು ಕಿಲೋಮೀಟರಿನಾಗ ತಿಳವಳ್ಳಿಗಿಂತ ಹತ್ತಿರ ಏನಲ್ಲ. ಆದ್ರೂ ಬೇಗ ಮುಟ್ಟತಾನ, ಯಾಕಂದ್ರೆ ಹೆದ್ದಾರಿ ಮೇಲೆ ಒಂದೇ ಬಸ್. ನಮ್ಮೂರಿಗೆ ಬರಬೇಕಂದ್ರ ಹಾನಗಲ್ಲಿನಾಗ ಇಳಿದು ಮತ್ತೊಂದು ಬಸ್ಸಿಗೆ ಕಾಯಬೇಕು. ವ್ಯತ್ಯಾಸ ಮಾಡೋದು ರಸ್ತೆ ಅಷ್ಟೇ ಅಲ್ಲ, ಬಸ್ ಬದಲಿಸೋದು.

ಎಲ್ಲಿ ತಪ್ಪುತ್ತೆ? ಮ್ಯಾಪ್ ಆ್ಯಪ್ ಮೊದಲು ತೋರಿಸೋದು ಹೆಚ್ಚಾಗಿ ಕಾರಿನ ಸಮಯ. ನಮ್ಮಲ್ಲಿ ಯಾರಿಗೂ ಕಾರಿಲ್ಲ. ಎರಡನೇದು, ವಾಪಸ್ ಬರೋದು. ಬೆಳಿಗ್ಗೆ 15 ನಿಮಿಷ ಕಾಯಿಸೋ ಸ್ಟ್ಯಾಂಡು ಸಂಜೆ 1 ತಾಸು ಕಾಯಿಸುತ್ತೆ. ನನಗೆ ಹಿರೇಕೆರೂರಿನಿಂದ ತಿಳವಳ್ಳಿ ಬಸ್ ಸಿಗೋದ್ರೊಳಗೆ ಹೊರಡಬೇಕು. ಅದಕ್ಕೆ ಪಟ್ಟಿ ಎರಡು ಬೇಕು, ಹೋಗೋದಕ್ಕೆ ಒಂದು, ಬರೋದಕ್ಕೆ ಒಂದು. ಲೆಕ್ಕ ಸರಿ ಇಲ್ಲ ಅಂತ ಗೊತ್ತಾಗೋದು ಹೆಂಗೆ? ಪ್ರತಿ ಸಲ ಒಬ್ಬರೇ ತಡವಾಗಿ ಬಂದು, ಅವರೇ ಮೊದಲು ಎದ್ದು ಹೊಂಟ್ರ, ಅವರ ಕಾಲಂ ಮತ್ತೊಮ್ಮೆ ನೋಡ್ರಿ.

"ಆಕಿಗೆ ಬಸ್ ಫ್ರೀ ಐತಲ್ಲ, ಬರಲಿ ಬಿಡು" ಅನ್ನೋರೂ ಇದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನ ಟಿಕೆಟ್ ಸೊನ್ನೆ ಆಗಿದೆ, ಖರೆ. ತಾಸು ಸೊನ್ನೆ ಆಗಿಲ್ಲ. ಕಿಟಕಿ ಪಕ್ಕ ಸೀಟು ಸಿಗದೆ 3 ತಾಸು ನಿಂತು ಬರೋದು ಫ್ರೀ ಅಲ್ಲ.

ಈ ಪಟ್ಟಿ ಶಾಶ್ವತನೂ ಅಲ್ಲ. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗ ಮುಗಿದ ದಿನ ಆಕೀ ಕಾಲಂ ಬದಲಾಗುತ್ತೆ, ಬಹುಶಃ ನಡು ಊರೂ ಬದಲಾಗುತ್ತೆ. ಊರುಗಳು ಮಾತ್ರ ಇದ್ದಲ್ಲೇ ಇರ್ತಾವು.

ನಿಮ್ಮ ಗುಂಪಿನಾಗ ಅತಿ ದೊಡ್ಡ ಸಂಖ್ಯೆ ಯಾರದು? ಅವರನ್ನ ಕಾಮೆಂಟಿನಾಗ ಟ್ಯಾಗ್ ಮಾಡ್ರಿ, ಮುಂದಿನ ಊರು ಅವರೇ ಆರಿಸಲಿ.

#ತಿಳವಳ್ಳಿ #ಹಾನಗಲ್ #ನಮ್ಮೂರಕಡೆಮಾತು